ಕೆಳಸಾಲಿನ ಹದಿನೇಳು ಟೈಲ್ಸ್

ತುಮಕೂರಿನ ನಮ್ಮ ಮನೆಯ ಕೆಳಗಿನ ಬಚ್ಚಲುಮನೆಯಲ್ಲಿ ನೆಲಕ್ಕೆ ತಾಗಿದ ಒಂದು ಸಾಲು ಟೈಲ್ಸ್ ಉಳಿದವುಗಳ ಬಣ್ಣಕ್ಕೆ ಹೊಂದುವುದಿಲ್ಲ. ಅಂಗಡಿಯಲ್ಲಿ ಅದರ ಹೆಸರು, ನಂಬರು ಎಲ್ಲಾ ಒಂದೇ. ಮೇಲಿನ ಮೂರು ಸಾಲು ಕಾಫಿ ಬಣ್ಣ, ಕೆಳಗಿನದು ಅದೇ ಕಾಫಿಗೆ ಒಂದು ಚಮಚ ಹಾಲು ಹೆಚ್ಚಾದಂತೆ. ಗ್ರೌಟ್ ಒಣಗುವ ಮೊದಲೇ ಅಮ್ಮ ಅದನ್ನು ಗುರುತಿಸಿದ್ದರು. "ಒಗೆದು ಒಗೆದು ಬಣ್ಣ ಹೋದ ಸೀರೆ ಅಂಚಿನ ಥರ ಇದೆಯಲ್ಲೋ" ಎಂದಿದ್ದರು. ದಿನವೂ ಸ್ನಾನಕ್ಕೆ ಹೋದಾಗ ನನ್ನ ಕಣ್ಣು ಮೊದಲು ಬೀಳುವುದು ಆ ಸಾಲಿನ ಮೇಲೆಯೇ.

ತಪ್ಪು ನಡೆದದ್ದು ಗೋಡೆಯ ಮೇಲಲ್ಲ, ಲೆಕ್ಕದಲ್ಲಿ. ಅಂಗಡಿಯಲ್ಲಿ ನಾನು ಕೋಣೆಯ ಅಳತೆ ಹೇಳಿದೆ, ಅವರು ಕ್ಯಾಲ್ಕುಲೇಟರ್ ಒತ್ತಿ 18 ಬಾಕ್ಸ್ ಎಂದರು. ಗಾಢ ಬಣ್ಣದ್ದು ಒಂಬತ್ತು, ತಿಳಿ ಬಣ್ಣದ್ದು ಒಂಬತ್ತು. ಕೆಲಸ ಮುಗಿಯುವ ಹೊತ್ತಿಗೆ ತಿಳಿ ಬಣ್ಣದ್ದು ಐದು ಮಿಕ್ಕಿತು, ಗಾಢ ಬಣ್ಣದ್ದು ಹನ್ನೆರಡು ಕಡಿಮೆ ಬಿತ್ತು. ಮತ್ತೆ ತರಿಸಿದ ಬಾಕ್ಸ್‌ಗಳ ಮೇಲೆ ಹೆಸರು ಅದೇ, ಬ್ಯಾಚ್ ನಂಬರ್ ಬೇರೆ. ನಮ್ಮಲ್ಲಿ ಮಾರಾಟವಾಗುವ ಗೋಡೆ ಟೈಲ್ಸ್‌ನ ದೊಡ್ಡ ಪಾಲು ಬರುವುದು ಗುಜರಾತಿನ ಮೋರ್ಬಿಯಿಂದ. ಒಂದು ಸಲ ಗೂಡಿನಲ್ಲಿ ಸುಟ್ಟ ಬಣ್ಣ ಇನ್ನೊಂದು ಸಲಕ್ಕೆ ಕೂದಲೆಳೆಯಷ್ಟು ಬದಲಾಗುತ್ತದೆ, ಕೆಲವೊಮ್ಮೆ ಅಳತೆಯೂ ಒಂದು ಮಿಲಿಮೀಟರ್‌ನಷ್ಟು ಆಚೀಚೆ ಆಗುತ್ತದೆ. ಅದಕ್ಕೇ ಬಾಕ್ಸ್ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಅಚ್ಚು ಹಾಕಿರುತ್ತಾರೆ. ಹಳೆಯದರಲ್ಲಿ ಉಳಿದ ನಾಲ್ಕನ್ನು ಹೊಸದರ ನಡುವೆ ಸೇರಿಸಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಮೇಸ್ತ್ರಿ ಕೆಳಸಾಲಿನ ಹದಿನೇಳನ್ನೂ ಹೊಸ ಬ್ಯಾಚ್‌ನಲ್ಲೇ ಹಾಕಿದರು.

ಎರಡು ವರ್ಷದ ನಂತರ ಮೇಲಂತಸ್ತು ಕಟ್ಟಿಸಿದೆವು. ಬಚ್ಚಲುಮನೆ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ಈ ಸಲದ ಮೇಸ್ತ್ರಿ ಬೇರೆಯವರು, ಲೆಕ್ಕ ಹಾಕುವ ಕ್ರಮವೂ ಬೇರೆ. ಅವರು ಹೇಳಿದ್ದು 21 ಬಾಕ್ಸ್. ಒಂದೇ ಅಳತೆಯ ಎರಡು ಕೋಣೆಗಳಿಗೆ ಮೂರು ಬಾಕ್ಸ್ ವ್ಯತ್ಯಾಸ ಎಲ್ಲಿಂದ ಬಂತೆಂದು ಅವರ ಪಕ್ಕ ನಿಂತು ನೋಡಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕೋಣೆಯ ವಿವರ. ಪ್ಲಾಸ್ಟರ್ ಆದ ಮೇಲೆ ಒಳಗಿನ ಅಳತೆ ಉದ್ದ 8 ಅಡಿ, ಅಗಲ 5 ಅಡಿ. ನಕ್ಷೆಯಲ್ಲಿ ಬರೆದ ಅಳತೆ ಇಟ್ಟಿಗೆಯಿಂದ ಇಟ್ಟಿಗೆಗೆ ಇರುತ್ತದೆ, ಪ್ಲಾಸ್ಟರ್ ಬಂದಾಗ ಸುಮಾರು ಒಂದು ಇಂಚು ತಿನ್ನುತ್ತದೆ. ಹಾಗಾಗಿ ಟೈಲ್ಸ್‌ಗೆ ಟೇಪ್ ಹಿಡಿಯಬೇಕಾದ್ದು ಪ್ಲಾಸ್ಟರ್ ಮೇಲೆಯೇ. ಐದು ಅಡಿಯ ಒಂದು ಗೋಡೆಯಲ್ಲಿ ಬಾಗಿಲು, ಚೌಕಟ್ಟು ಸೇರಿ ಎರಡೂವರೆ ಅಡಿ ಅಗಲ, ಏಳು ಅಡಿ ಎತ್ತರ. ಬಾಗಿಲಿನ ಒಂದು ಪಕ್ಕಕ್ಕೆ ಅರ್ಧ ಅಡಿ ಗೋಡೆ, ಇನ್ನೊಂದು ಪಕ್ಕಕ್ಕೆ ಎರಡು ಅಡಿ. ಎದುರು ಗೋಡೆಯ ನಡುವೆ ಎರಡಡಿ ಚೌಕದ ವೆಂಟಿಲೇಟರ್. ಅದರ ಕೆಳ ಅಂಚು ನೆಲದಿಂದ 5 ಅಡಿಗೆ, ಮೇಲಿನ ಅಂಚು 7 ಅಡಿಗೆ.

ಡ್ಯಾಡೋ ಎಂದರೆ ನೆಲದಿಂದ ಗೋಡೆಯ ಒಂದು ಎತ್ತರದವರೆಗೆ ಹಾಕುವ ಟೈಲ್ಸ್ ಹೊದಿಕೆ. ಅದರ ಮೇಲಿನ ಗೋಡೆಗೆ ಬಣ್ಣ ಬಳಿಯುತ್ತಾರೆ. ಹಿಂದಿನ ಮನೆಗಳಲ್ಲಿ ಆರಿಂಚಿನ ಬಿಳಿ ಚೌಕಗಳು ಸೊಂಟದೆತ್ತರಕ್ಕೆ ನಿಲ್ಲುತ್ತಿದ್ದವು. ಶವರ್ ಬಂದ ಮೇಲೆ ನೀರು ತಲೆಯ ಮೇಲಿನಿಂದ ಬೀಳುವುದರಿಂದ ಡ್ಯಾಡೋ ಏಳು ಅಡಿಗೆ ಏರಿತು. ಬಾಗಿಲ ಚೌಕಟ್ಟಿನ ಮೇಲಂಚೂ ಅಲ್ಲೇ ಇರುವುದರಿಂದ ಕಣ್ಣಿಗೂ ಅದು ಹಿತ. ಈಗ ಸೀಲಿಂಗ್‌ವರೆಗೂ ಹಾಕಿಸುವವರಿದ್ದಾರೆ. ನಾವು ಹಾಕಿಸಿದ್ದು ಏಳು ಅಡಿ, ಎರಡು ಬಣ್ಣ. ಕೆಳಗೆ ಗಾಢ, ಮೇಲೆ ತಿಳಿ, ಎರಡರ ನಡುವೆ ಮೂರು ಇಂಚಿನ ಬಾರ್ಡರ್ ಪಟ್ಟಿ.

ಅಂಗಡಿಯ ಲೆಕ್ಕ ಹೀಗಿತ್ತು. ನಾಲ್ಕು ಗೋಡೆಯ ಸುತ್ತಳತೆ 26 ಅಡಿ, ಏಳು ಅಡಿ ಎತ್ತರಕ್ಕೆ 182 ಚದರಡಿ. ಅದರಲ್ಲಿ ಬಾಗಿಲಿಗೆ ಹದಿನೇಳೂವರೆ ಕಳೆದರು, ವೆಂಟಿಲೇಟರ್‌ಗೆ ನಾಲ್ಕು ಕಳೆದರು. ಬಾರ್ಡರ್ ಇರುವ ಕಡೆ ಟೈಲ್ಸ್ ಬೇಡವಲ್ಲ ಎಂದು ಅದಕ್ಕೂ ಸುಮಾರು ಆರು ಚದರಡಿ ಕಳೆದರು. ಉಳಿದದ್ದು ಹತ್ತಿರ ಹತ್ತಿರ 155 ಚದರಡಿ. ಒಂದು ಬಾಕ್ಸ್‌ಗೆ ಒಂಬತ್ತು ಚದರಡಿ, ಆದ್ದರಿಂದ 18 ಬಾಕ್ಸ್. ಕಾಗದದ ಮೇಲೆ ಒಂದು ಅಂಕಿಯೂ ತಪ್ಪಿಲ್ಲ. ಆದರೆ ಈ ಲೆಕ್ಕದಲ್ಲಿ ಗೋಡೆಯನ್ನು ಬಟ್ಟೆಯಂತೆ ನೋಡಿದ್ದಾರೆ. ಎಲ್ಲಿ ಕತ್ತರಿಸಿದರೂ ಮಿಕ್ಕ ತುಂಡು ಇನ್ನೆಲ್ಲೋ ಹೊಂದಿಕೊಳ್ಳುತ್ತದೆ ಎಂಬ ಎಣಿಕೆ ಅದು. ಟೈಲ್ಸ್ ಹಾಗೆ ಹೊಂದಿಕೊಳ್ಳುವುದಿಲ್ಲ.

ಮೊದಲ ಸೋರಿಕೆ ಬಾಕ್ಸ್‌ನಲ್ಲೇ ಇದೆ. ನಾವು ಕೊಂಡದ್ದು ಹನ್ನೆರಡು–ಹದಿನೆಂಟು ಎಂದು ಕರೆಯುವ ಟೈಲ್ಸ್. ಹನ್ನೆರಡು ಇಂಚು, ಹದಿನೆಂಟು ಇಂಚು ಎಂದರೆ ಒಂದಕ್ಕೆ ಒಂದೂವರೆ ಚದರಡಿ, ಆರಕ್ಕೆ ಒಂಬತ್ತು. ಆದರೆ ಅದರ ನಿಜವಾದ ಅಳತೆ 30 ಸೆಂಟಿಮೀಟರ್, 45 ಸೆಂಟಿಮೀಟರ್. ಒಂದಡಿ ಎಂದರೆ ಮೂವತ್ತೂವರೆ ಸೆಂಟಿಮೀಟರ್‌ಗೆ ಒಂದು ಎಳೆ ಕಮ್ಮಿ ಅಷ್ಟೆ, ಹಾಗಾಗಿ ಟೈಲ್ಸ್‌ನ ಎರಡೂ ಬದಿ ಹೆಸರಿಗಿಂತ ಚಿಕ್ಕದು. ಆರು ಟೈಲ್ಸ್ ಮುಚ್ಚುವ ಜಾಗ 0.81 ಚದರ ಮೀಟರ್, ಅಂದರೆ 8.72 ಚದರಡಿ. ಒಂದು ಬಾಕ್ಸ್‌ಗೆ ಕಾಲು ಚದರಡಿಗಿಂತ ಸ್ವಲ್ಪ ಹೆಚ್ಚು ಕಡಿಮೆಯಾಯಿತು. ಹದಿನೆಂಟು ಬಾಕ್ಸ್‌ಗೆ ಅದು ಸೇರಿ ಐದು ಚದರಡಿ. ಬಾಕ್ಸ್‌ನ ಪಕ್ಕದಲ್ಲಿ ಎಷ್ಟು ಚದರ ಮೀಟರ್ ಎಂದು ಅಚ್ಚಾಗಿರುತ್ತದೆ. ಅದನ್ನು 10.76ರಿಂದ ಗುಣಿಸಿದರೆ ನಿಜವಾದ ಚದರಡಿ ಸಿಗುತ್ತದೆ.

ಎರಡನೆಯದು ಬಾರ್ಡರ್. ನನಗೆ ಅತ್ಯಂತ ಅಚ್ಚರಿಯೆನಿಸಿದ್ದು ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊಸ ಮೇಸ್ತ್ರಿ ಮೊದಲ ದಿನ ಒಂದೂ ಟೈಲ್ಸ್ ಮುಟ್ಟಲಿಲ್ಲ. ಏಳು ಅಡಿಗಿಂತ ಉದ್ದದ ಒಂದು ನೇರ ರೀಪರ್ ತರಿಸಿದರು. ನೆಲದ ಮೇಲೆ ಟೈಲ್ಸ್‌ಗಳನ್ನು ಒಂದರ ಮೇಲೊಂದರಂತೆ ಸಾಲಾಗಿ ಹರಡಿ, ಸಂದಿಗೆ ಎರಡು ಮಿಲಿಮೀಟರ್ ಸ್ಪೇಸರ್ ಇಟ್ಟು, ರೀಪರನ್ನು ಪಕ್ಕದಲ್ಲಿ ಮಲಗಿಸಿ ಪ್ರತಿ ಸಂದಿಗೂ ಪೆನ್ಸಿಲ್ ಗೀಟು ಎಳೆದರು. ಬಾರ್ಡರ್ ಬರುವ ಕಡೆ ಎರಡು ಗೀಟು ಹಾಕಿ ನಡುವೆ ಅಡ್ಡಡ್ಡ ಗೆರೆ ತುಂಬಿದರು. ಆ ರೀಪರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, ಕೊನೆಯ ಗೀಟು ಚೌಕಟ್ಟಿನ ಮೇಲಂಚಿಗೆ ಸರಿಯಾಗಿ ನಿಲ್ಲುವಂತೆ ಹಿಡಿದರು. ಮೇಲಿನಿಂದ ಕೆಳಕ್ಕೆ ಎಣಿಸಿಕೊಂಡು ಬಂದರು.

ಟೈಲ್ಸ್ ಅಡ್ಡವಾಗಿ ಕೂರುವುದರಿಂದ ಒಂದು ಸಾಲಿನ ಎತ್ತರ ಸಂದಿ ಸೇರಿ 30.2 ಸೆಂಟಿಮೀಟರ್. ಬಾರ್ಡರ್ ಸಂದಿ ಸೇರಿ 7.7. ಏಳು ಅಡಿ ಎಂದರೆ 213.4. ಮೇಲಿನಿಂದ ತಿಳಿ ಬಣ್ಣದ ಮೂರು ಸಾಲು, ಒಂದು ಬಾರ್ಡರ್, ಗಾಢ ಬಣ್ಣದ ಮೂರು ಸಾಲು ಇಳಿದರೆ ನೆಲಕ್ಕೆ ಇನ್ನು ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಉಳಿಯುತ್ತದೆ. ಅಲ್ಲಿಗೆ ಇನ್ನೊಂದು ಸಾಲು ಬೇಕು. ಮೂವತ್ತರ ಟೈಲ್ಸನ್ನು ಇಪ್ಪತ್ತನಾಲ್ಕೂವರೆಗೆ ಕತ್ತರಿಸಿದರೆ ಐದೂವರೆಯ ಪಟ್ಟಿ ಮಿಕ್ಕುತ್ತದೆ, ಅದು ಎಲ್ಲಿಗೂ ಬಾರದು. ಅಂದರೆ ಕೊಳ್ಳುವಾಗ ಏಳು ಪೂರ್ತಿ ಸಾಲು ಕೊಳ್ಳಲೇಬೇಕು. ಬಾರ್ಡರ್ ಇಲ್ಲದಿದ್ದರೆ ಡ್ಯಾಡೋವನ್ನು ಸ್ವಲ್ಪ ತಗ್ಗಿಸಿ ಏಳೇ ಸಾಲಿಗೆ ನಿಲ್ಲಿಸಬಹುದಿತ್ತು, ಬಾರ್ಡರ್ ಇದ್ದರೂ ಏಳೇ. ಬಾರ್ಡರ್ ಗೋಡೆಯ ಜಾಗವನ್ನು ತೆಗೆದುಕೊಂಡಿತು, ಆದರೆ ಒಂದು ಟೈಲ್ಸನ್ನೂ ಉಳಿಸಲಿಲ್ಲ. ಅದು ಕಡಿಮೆ ಮಾಡಿದ್ದು ಕೆಳಸಾಲಿನ ಎತ್ತರವನ್ನು ಮಾತ್ರ. ಎರಡು ಬಾರ್ಡರ್ ಹಾಕಿದ್ದರೂ ಕೆಳಗೆ ಹದಿನೇಳು ಸೆಂಟಿಮೀಟರ್ ಹತ್ತಿರ ಉಳಿಯುತ್ತಿತ್ತು, ಆಗಲೂ ಏಳು ಸಾಲು ತಪ್ಪುತ್ತಿರಲಿಲ್ಲ. ಕೆಳಸಾಲು ಅರ್ಧ ಟೈಲ್ಸ್‌ಗಿಂತ ಕೆಳಗಿಳಿದು, ಒಂದು ಟೈಲ್ಸ್‌ನಲ್ಲಿ ಎರಡು ತುಂಡು ಬರುವಂತಾದರೆ ಮಾತ್ರ ಬಾರ್ಡರ್‌ನಿಂದ ಉಳಿತಾಯ. ಅಂಗಡಿಯವರು ಬಾರ್ಡರ್‌ಗೆಂದು ಕಳೆದ ಆರು ಚದರಡಿ ಹೀಗೆ ಪೂರ್ತಿ ಹುಸಿ ಉಳಿತಾಯ.

"ಹಾಗಾದರೆ ಏಳೂ ಸಾಲು ಪೂರ್ತಿ ಹಾಕಿ, ಡ್ಯಾಡೋವನ್ನು ಎರಡಿಂಚು ಮೇಲೆ ಏರಿಸಿಬಿಟ್ಟರೆ ಏನಾಗುತ್ತೆ?" ಎಂದು ಕೇಳಿದೆ. ಕತ್ತರಿಸುವ ಕೆಲಸವಾದರೂ ತಪ್ಪೀತೆಂದು ನನ್ನ ಎಣಿಕೆ.

"ನೆಲ ಮಟ್ಟ ಇರಲ್ಲ ಸಾರ್. ನೀರು ಹೋಗೋ ಕಡೆ ಇಳೀತದೆ. ಪೂರ್ತಿ ಟೈಲ್ಸ್ ಹಾಕಿದ್ರೆ ಅಲ್ಲಿ ಸಂದಿ ಬಿಡುತ್ತೆ" ಎಂದರು ಮೇಸ್ತ್ರಿ.

ಬಚ್ಚಲಿನ ನೆಲ ಬಾಗಿಲ ಕಡೆಯಿಂದ ನಹಾನಿ ಟ್ರ್ಯಾಪ್ ಕಡೆಗೆ ಇಳಿಜಾರಾಗಿರುತ್ತದೆ. ನೂರಕ್ಕೆ ಒಂದರಂತೆ ಇಳಿದರೂ ಎಂಟು ಅಡಿಗೆ ಸುಮಾರು ಒಂದು ಇಂಚು. ಗೋಡೆಯ ಸಾಲುಗಳಾದರೋ ಮಟ್ಟವಾಗಿಯೇ ಇರಬೇಕು. ಈ ಎರಡರ ನಡುವಿನ ವ್ಯತ್ಯಾಸವನ್ನು ಸರಿದೂಗಿಸುವುದು ಕೆಳಸಾಲು. ನಮ್ಮಲ್ಲಿ ಅದು ಬಾಗಿಲ ಹತ್ತಿರ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಇದ್ದದ್ದು ಟ್ರ್ಯಾಪ್ ಮೂಲೆಗೆ ಬರುವಾಗ ಇಪ್ಪತ್ತೇಳು ಆಗಿದೆ. ಇಷ್ಟಕ್ಕೂ ಮೂವತ್ತರ ಟೈಲ್ಸ್ ಸಾಕು. ಈ ಕಾರಣಕ್ಕೇ ತಿಳಿದ ಮೇಸ್ತ್ರಿಗಳು ಎರಡನೇ ಸಾಲಿನಿಂದ ಕೆಲಸ ಶುರು ಮಾಡುತ್ತಾರೆ. ಲೆವೆಲ್ ಟ್ಯೂಬ್ ಹಿಡಿದು ನಾಲ್ಕೂ ಗೋಡೆಗೆ ಮಟ್ಟ ಗುರುತಿಸಿ, ಆ ಗೆರೆಗೆ ಪಟ್ಟಿ ಬಡಿದು, ಅದರ ಮೇಲೆ ಸಾಲು ಕೂರಿಸುತ್ತಾ ಮೇಲೆ ಹೋಗುತ್ತಾರೆ. ಆಮೇಲೆ ನೆಲ, ಕಟ್ಟಕಡೆಗೆ ನೆಲದ ಟೈಲ್ಸ್ ಮೇಲೆ ಕೂರುವಂತೆ ಕೆಳಸಾಲು. ಗೋಡೆಯ ಮೇಲಿಂದ ಇಳಿದ ನೀರು ಆಗ ನೆಲದ ಮೇಲೆಯೇ ಬೀಳುತ್ತದೆ, ಸಂದಿಯೊಳಗೆ ಇಳಿಯುವುದಿಲ್ಲ. ಟೈಲ್ಸ್ ಕಡಿಮೆ ಬಿದ್ದರೆ ಯಾವಾಗಲೂ ಕೆಳಸಾಲಿನಲ್ಲೇ ಬೀಳುವುದೇಕೆ ಎಂದು ಆಗ ನನಗೆ ಅರ್ಥವಾಯಿತು.

ಇನ್ನು ಸಾಲಿನ ಉದ್ದಕ್ಕೆ ಎಷ್ಟು ಬೇಕು ಎಂಬ ಲೆಕ್ಕ. ಇದನ್ನು ಮೇಸ್ತ್ರಿ ಗೋಡೆ ಗೋಡೆಗೆ ಬೇರೆಯಾಗಿ ಮಾಡಿದರು. ಎಂಟು ಅಡಿಯ ಗೋಡೆಗೆ ಐದು ಪೂರ್ತಿ ಟೈಲ್ಸ್ ಕೂತ ಮೇಲೆ ಸುಮಾರು 18 ಸೆಂಟಿಮೀಟರ್ ಉಳಿಯುತ್ತದೆ. ನಲವತ್ತೈದರ ಒಂದು ಟೈಲ್ಸ್‌ನಲ್ಲಿ ಅಂಥ ಎರಡು ತುಂಡು ಬರುತ್ತವೆ, ಆದ್ದರಿಂದ ಆ ಗೋಡೆಗೆ ಐದೂವರೆ. ಎದುರು ಬದುರು ಎರಡೂ ಸೇರಿ ಹನ್ನೊಂದು. ವೆಂಟಿಲೇಟರ್ ಇರುವ ಐದಡಿ ಗೋಡೆಗೆ ಮೂರು ಪೂರ್ತಿ, ಒಂದು 17 ಸೆಂಟಿಮೀಟರ್ ತುಂಡು, ಅಂದರೆ ಮೂರೂವರೆ. ಬಾಗಿಲ ಗೋಡೆಯಲ್ಲಿ ಎರಡಡಿ ಇರುವ ಪಕ್ಕಕ್ಕೆ ಒಂದು ಪೂರ್ತಿ ಮತ್ತೊಂದು ತುಂಡು, ಅರ್ಧ ಅಡಿಯ ಪಕ್ಕಕ್ಕೆ ಒಂದು ತುಂಡು. ಎರಡೂ ತುಂಡು ಒಂದೇ ಟೈಲ್ಸ್‌ನಿಂದ ಬರುವುದರಿಂದ ಒಟ್ಟು ಎರಡು. ಹೀಗೆ ಒಂದು ಸುತ್ತಿಗೆ ಹದಿನಾರೂವರೆ ಟೈಲ್ಸ್.

ಬಾಗಿಲನ್ನು ಕಳೆಯುವುದೆಂದರೆ ಇದೇ. ಹದಿನೇಳೂವರೆ ಚದರಡಿಯನ್ನು ಒಟ್ಟು ಮೊತ್ತದಿಂದ ಕಿತ್ತು ಹಾಕಿದರೆ ಸಾಲದು, ಬಾಗಿಲ ಎರಡೂ ಪಕ್ಕ ಉಳಿದ ಗೋಡೆಗೆ ಎಷ್ಟು ತುಂಡು ಬೇಕೆಂದು ನೋಡಬೇಕು. ಎರಡಡಿ ಅಗಲದ ಜಾಗ ಟೈಲ್ಸ್ ಲೆಕ್ಕಕ್ಕೆ ಚೆನ್ನಾಗಿಯೇ ಕೂತಿತು. ಬಾಗಿಲು ನಡುವೆ ಇದ್ದು ಎರಡೂ ಪಕ್ಕಕ್ಕೆ ಹದಿನೈದು ಹದಿನೈದು ಇಂಚು ಉಳಿದಿದ್ದರೆ ಒಂದೊಂದು ಪಕ್ಕಕ್ಕೂ ಒಂದೊಂದು ಟೈಲ್ಸ್ ಬೇಕಾಗಿ, ಕತ್ತರಿಸಿದ ಮೂರಿಂಚಿನ ಚೂರು ಕಸಕ್ಕೆ ಹೋಗುತ್ತಿತ್ತು. ಡ್ಯಾಡೋ ಬಾಗಿಲಿಗಿಂತ ಕೆಳಗೇ ನಿಲ್ಲುವುದಾದರೆ ಬಾಗಿಲನ್ನೂ ಅಷ್ಟೇ ಎತ್ತರಕ್ಕೆ ಕಳೆಯಬೇಕು. ಐದಡಿ ಡ್ಯಾಡೋ ಇದ್ದೂ ಏಳಡಿಯ ಬಾಗಿಲನ್ನು ಪೂರ್ತಿ ಕಳೆದಿರುವ ಚೀಟಿಗಳನ್ನು ನಾನು ನೋಡಿದ್ದೇನೆ. ಆ ಡ್ಯಾಡೋಗೆ ನಮ್ಮ ವೆಂಟಿಲೇಟರ್ ಸಿಗುವುದೇ ಇಲ್ಲ, ಅದರ ಕೆಳ ಅಂಚು ಇರುವುದೇ ಐದಡಿಗೆ.

ನಮ್ಮ ಏಳಡಿಯ ಡ್ಯಾಡೋದಲ್ಲಿ ವೆಂಟಿಲೇಟರ್ ಪೂರ್ತಿ ಬರುತ್ತದೆ. ಅದು ಮೇಲಿನ ಎರಡು ಸಾಲುಗಳನ್ನು ತಿನ್ನುತ್ತದೆ. ಆ ಸಾಲುಗಳಲ್ಲಿ ವೆಂಟಿಲೇಟರ್‌ನ ಅತ್ತ ಒಂದು, ಇತ್ತ ಒಂದು ಟೈಲ್ಸ್ ಸಾಕು. ಮೂರೂವರೆಯ ಬದಲು ಎರಡು, ಅಂದರೆ ಒಂದು ಸಾಲಿಗೆ ಒಂದೂವರೆ, ಎರಡು ಸಾಲಿಗೆ ಮೂರು ಟೈಲ್ಸ್ ಉಳಿಯಿತು. ಆದರೆ ವೆಂಟಿಲೇಟರ್ ಬರೀ ತೂತಲ್ಲ. ಚೌಕಟ್ಟು ಗೋಡೆಯ ಹೊರಬದಿಗೆ ಕೂತಿರುವುದರಿಂದ ಒಳಗೆ ನಾಲ್ಕಿಂಚಿನ ದಪ್ಪ ಕಾಣುತ್ತದೆ. ಅದರ ಎರಡು ಪಕ್ಕಕ್ಕೂ, ಕೆಳಗಿನ ಸಿಲ್‌ಗೂ ಟೈಲ್ಸ್ ಹಾಕಲೇಬೇಕು, ಇಲ್ಲದಿದ್ದರೆ ಮಳೆಯ ಇರಚಲು, ಸ್ನಾನದ ಆವಿ ಎರಡೂ ಅಲ್ಲೇ ಕೂತು ಪ್ಲಾಸ್ಟರ್ ಉಬ್ಬುತ್ತದೆ. ಪಕ್ಕಗಳಿಗೆ ನಾಲ್ಕಿಂಚಿನ ನಾಲ್ಕು ತುಂಡು, ಅದಕ್ಕೆ ಒಂದು ಟೈಲ್ಸ್. ಸಿಲ್‌ಗೆ ಉದ್ದುದ್ದ ಸೀಳಿದ ಎರಡು ಪಟ್ಟಿ, ಅದಕ್ಕೆ ಇನ್ನೊಂದು. ಮೂರು ಉಳಿಸಿದ ವೆಂಟಿಲೇಟರ್ ಎರಡನ್ನು ವಾಪಸ್ ಕೇಳಿತು. ಒಟ್ಟು ಲಾಭ ಒಂದೇ ಟೈಲ್ಸ್. ಸಿಲ್‌ನ ಪಟ್ಟಿಗಳನ್ನು ಒಳಕ್ಕೆ ಸ್ವಲ್ಪ ಇಳಿಜಾರಾಗಿ ಕೂರಿಸಿದರು, ನೀರು ಚೌಕಟ್ಟಿನ ಬುಡದಲ್ಲಿ ನಿಲ್ಲಬಾರದೆಂದು.

ಪ್ಲಾಸ್ಟರ್ ಅಳತೆಗೆ ಇಂಥದೇ ವಿವೇಕ ಮೊದಲಿನಿಂದಲೂ ಇದೆ. ಕಟ್ಟಡ ಕೆಲಸಗಳ ಅಳತೆಗೆ ಇರುವ ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು ಪ್ಲಾಸ್ಟರ್‌ನಿಂದ ಕಳೆಯುವುದಿಲ್ಲ, ಅದರ ಪಕ್ಕ, ಸಿಲ್‌ಗಳ ಕೆಲಸವನ್ನು ಬೇರೆ ಸೇರಿಸುವುದೂ ಇಲ್ಲ. ಎರಡಡಿ ಚೌಕದ ವೆಂಟಿಲೇಟರ್ ಅರ್ಧ ಚದರ ಮೀಟರ್‌ಗಿಂತ ಚಿಕ್ಕದೇ. ಕಳೆಯುವುದೂ ಕೂಡುವುದೂ ಸರಿಹೋಗುತ್ತದೆ ಎಂಬ ಅನುಭವದಿಂದ ಬಂದ ನಿಯಮ ಅದು. ಟೈಲ್ಸ್ ಕೂಲಿಗೆ ಹೀಗೆಯೇ ಎಂದು ಎಲ್ಲರೂ ಒಪ್ಪಿದ ರೂಢಿ ಇಲ್ಲ. ಕೆಲವರು ಬಾಗಿಲನ್ನು ಕಳೆದು ಬಾರ್ಡರ್‌ಗೆ ರನ್ನಿಂಗ್ ಫೂಟ್ ಲೆಕ್ಕದಲ್ಲಿ ಬೇರೆ ಕೂಲಿ ಕೇಳುತ್ತಾರೆ, ಕೆಲವರು ಏನನ್ನೂ ಕಳೆಯದೆ ಎಲ್ಲದಕ್ಕೂ ಒಂದೇ ದರ ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಆಗಬಹುದು, ಕೆಲಸಕ್ಕೆ ಮುಂಚೆ ಬರೆದಿಟ್ಟುಕೊಂಡಿರಬೇಕು. ನಾವು ಕೊಳ್ಳುವ ಟೈಲ್ಸ್ ಲೆಕ್ಕವನ್ನೂ ಕೂಲಿಯ ಲೆಕ್ಕವನ್ನೂ ಒಂದೇ ಚೀಟಿಯಲ್ಲಿ ಬೆರೆಸಿದರೆ ಜಗಳ ಖಂಡಿತ.

ಬಾರ್ಡರ್ ಪಟ್ಟಿಗಳನ್ನು ಎಷ್ಟು ಕೊಳ್ಳಬೇಕು ಎಂಬುದಕ್ಕೆ ಚದರಡಿಯ ಮಾತೇ ಬೇಡ. ಅದನ್ನು ಉದ್ದದಲ್ಲಿ ಅಳೆಯಬೇಕು. ಸುತ್ತಳತೆ 26 ಅಡಿಯಲ್ಲಿ ಬಾಗಿಲಿನ ಎರಡೂವರೆ ಕಳೆದು ಇಪ್ಪತ್ತಮೂರೂವರೆ ಅಡಿ. ಇಲ್ಲಿ ವೆಂಟಿಲೇಟರ್ ಕಳೆಯಬಾರದು. ನಮ್ಮ ಬಾರ್ಡರ್ ಓಡುವುದು ನೆಲದಿಂದ ಮೂರು ಮುಕ್ಕಾಲು ಅಡಿಯಿಂದ ನಾಲ್ಕು ಅಡಿಯ ನಡುವೆ, ವೆಂಟಿಲೇಟರ್ ಶುರುವಾಗುವುದು ಐದಕ್ಕೆ. ಬಾರ್ಡರ್ ದಾರಿಗೆ ಅಡ್ಡ ಬರುವ ತೆರಪನ್ನು ಮಾತ್ರ ಕಳೆಯಬೇಕು. ಈ ಎತ್ತರವನ್ನೂ ಸುಮ್ಮನೆ ಆರಿಸಿದ್ದಲ್ಲ. ಮೇಸ್ತ್ರಿ ರೀಪರ್ ಹಿಡಿದು ಪ್ಲಂಬರ್ ಬಿಟ್ಟಿದ್ದ ಪೈಪ್ ಬಾಯಿಗಳನ್ನೆಲ್ಲ ಒಮ್ಮೆ ನೋಡಿಕೊಂಡು ಬಂದರು. ಮಿಕ್ಸರ್‌ನ ನಲ್ಲಿಗಳು ಬಾರ್ಡರ್ ಮೇಲೆ ಬಂದರೆ ಮೂರಿಂಚಿನ ಪಟ್ಟಿಯಲ್ಲಿ ಒಂದೂವರೆ ಇಂಚಿನ ತೂತು ಕೊರೆಯಬೇಕು, ಪಟ್ಟಿ ಒಡೆಯುವುದೇ ಹೆಚ್ಚು.

ಪಟ್ಟಿಯ ಉದ್ದ ಟೈಲ್ಸ್‌ನ ಉದ್ದಕ್ಕೆ ಸಮನಾಗಿರಬೇಕು. ಹದಿನೆಂಟು ಇಂಚಿನ ಟೈಲ್ಸ್ ನಡುವೆ ಹನ್ನೆರಡು ಇಂಚಿನ ಪಟ್ಟಿ ಹಾಕಿದರೆ ಮೇಲಿನ ಸಂದಿ, ಪಟ್ಟಿಯ ಸಂದಿ, ಕೆಳಗಿನ ಸಂದಿ ಒಂದೇ ಗೆರೆಗೆ ಬರುವುದಿಲ್ಲ. ನಮ್ಮದು ಹದಿನೆಂಟು ಇಂಚಿನದೇ. ಬಾಗಿಲ ಒಂದು ಪಕ್ಕದಿಂದ ಹೊರಟು ಮೂಲೆಗಳಲ್ಲಿ ತಿರುಗುತ್ತಾ ಇನ್ನೊಂದು ಪಕ್ಕಕ್ಕೆ ಬಂದು ಸೇರಲು 16 ಪಟ್ಟಿ ಬೇಕು. ಆದರೆ ಈ ಹದಿನಾರು ಸಾಕಾಗುವುದು ಸರಪಳಿಯಂತೆ ಓಡುವ ಬಳ್ಳಿಯ ಚಿತ್ತಾರಕ್ಕೆ. ಒಂದು ಗೋಡೆಯ ಮೂಲೆಯಲ್ಲಿ ಕತ್ತರಿಸಿದ ಬಳ್ಳಿಯ ಮಿಕ್ಕ ಭಾಗ ಪಕ್ಕದ ಗೋಡೆಯಲ್ಲಿ ಮುಂದುವರಿಯುತ್ತದೆ, ತುಂಡು ವ್ಯರ್ಥವಾಗುವುದಿಲ್ಲ, ಮೂಲೆಯೂ ಚೆಂದ ಕಾಣುತ್ತದೆ. ಹೀಗೆ ಮಾಡಿದಾಗ ಪಟ್ಟಿಯ ಸಂದಿ ಮೂಲೆ ದಾಟಿದ ಮೇಲೆ ಟೈಲ್ಸ್ ಸಂದಿಯಿಂದ ಸರಿಯದಿರಲು ಟೈಲ್ಸನ್ನೂ ಅದೇ ಕ್ರಮದಲ್ಲಿ ಸುತ್ತಿಸಬೇಕು. ಪಟ್ಟಿಯ ನಡುವೆ ಒಂದೇ ಹೂವಿರುವ ಚಿತ್ತಾರವಾದರೆ ಕತೆ ಬೇರೆ. ಮೂಲೆಯಲ್ಲಿ ಅರ್ಧ ಹೂ ಕಾಣಬಾರದೆಂದು ಪ್ರತಿ ಗೋಡೆಯನ್ನೂ ಹೊಸ ಪಟ್ಟಿಯಿಂದ ಶುರು ಮಾಡುತ್ತಾರೆ. ಆಗ ಉದ್ದ ಗೋಡೆಗಳಿಗೆ ಆರಾರು, ಐದಡಿಯ ಗೋಡೆಗೆ ನಾಲ್ಕು, ಬಾಗಿಲ ಆಚೀಚೆ ಮೂರು, ಒಟ್ಟು 19. ನಾವು ಬಳ್ಳಿಯದನ್ನು ಆರಿಸಿದೆವು. ಒಡೆಯುವುದಕ್ಕೆ ಎರಡು ಸೇರಿಸಿ 18 ತಂದೆವು.

ಬಣ್ಣ ಎರಡಿದ್ದಾಗ ಒಟ್ಟು ಬಾಕ್ಸ್ ಲೆಕ್ಕ ಹಾಕಿ ಎರಡು ಪಾಲು ಮಾಡುವುದು ಕೆಳಗಿನ ಬಚ್ಚಲುಮನೆಯಲ್ಲಿ ಆದ ಕೊನೆಯ ತಪ್ಪು. ಬಾರ್ಡರ್ ಡ್ಯಾಡೋದ ನಡುವಿನಲ್ಲಿ ಕಾಣುತ್ತದೆ, ಹಾಗಾಗಿ ಮೇಲೂ ಕೆಳಗೂ ಸಮ ಎಂದು ತೋರುತ್ತದೆ. ಸಾಲು ಎಣಿಸಿದರೆ ಗಾಢ ಬಣ್ಣಕ್ಕೆ ಕತ್ತರಿಸಿದ ಕೆಳಸಾಲೂ ಸೇರಿ ನಾಲ್ಕು, ತಿಳಿ ಬಣ್ಣಕ್ಕೆ ಮೂರು. ನಾಲ್ಕು ಸಾಲಿಗೆ ಹದಿನಾರೂವರೆಯಂತೆ 66 ಟೈಲ್ಸ್. ಮೂರು ಸಾಲಿಗೆ ನಲವತ್ತೊಂಬತ್ತೂವರೆ, ಅದರಲ್ಲಿ ವೆಂಟಿಲೇಟರ್ ಉಳಿಸಿದ ಒಂದನ್ನು ತೆಗೆದರೆ ಹತ್ತಿರ ಹತ್ತಿರ 49. ಗಾಢ ಬಣ್ಣಕ್ಕೆ ಅಂಗಡಿಯವರು ಕೊಟ್ಟದ್ದು ಒಂಬತ್ತು ಬಾಕ್ಸ್, ಅಂದರೆ 54. ಆ ಹನ್ನೆರಡರ ಕೊರತೆ ಮೊದಲ ದಿನವೇ ಅಲ್ಲಿತ್ತು, ಕಂಡದ್ದು ಕೊನೆಯ ದಿನ.

ಗಾಢ ಬಣ್ಣದ 66 ಎಂದರೆ ಸರಿಯಾಗಿ 11 ಬಾಕ್ಸ್. ಆದರೆ ಒಂದೂ ಒಡೆಯದೆ, ಒಂದೂ ಅಂಚು ಮುಕ್ಕಾಗದೆ ಯಾವ ಬಚ್ಚಲುಮನೆಯೂ ಮುಗಿಯುವುದಿಲ್ಲ. ನಲ್ಲಿಗೆ ತೂತು ಕೊರೆಯುವಾಗ ಒಂದೆರಡು, ಕಟಿಂಗ್ ಮಷೀನಿನಲ್ಲಿ ಒಂದೆರಡು ಹೋಗುತ್ತವೆ. ಮೇಸ್ತ್ರಿ ಹನ್ನೆರಡನೇ ಬಾಕ್ಸ್ ಸೇರಿಸಿದರು. ತಿಳಿ ಬಣ್ಣಕ್ಕೆ ಎಂಟು ಬಾಕ್ಸ್‌ನಲ್ಲಿ ಬರುವುದು 48, ಒಂದು ಕಡಿಮೆ. ಒಂಬತ್ತನೆಯದನ್ನು ತೆರೆಯಲೇಬೇಕು, ಅದರಲ್ಲಿ ಐದು ಹೆಚ್ಚುವರಿಗೆ ಸಿಗುತ್ತದೆ. ಹನ್ನೆರಡು, ಒಂಬತ್ತು, ಒಟ್ಟು 21.

ಗೋಡೆ ಗೋಡೆಗೆ ಎಣಿಸಲು ಪುರುಸೊತ್ತಿಲ್ಲದವರು ಚದರಡಿಯಲ್ಲೇ ಲೆಕ್ಕ ಹಾಕಿದರೂ ಇದರ ಹತ್ತಿರ ಬರಬಹುದು. ನೂರ ಎಂಬತ್ತೆರಡರಲ್ಲಿ ಬಾಗಿಲು, ವೆಂಟಿಲೇಟರ್ ಕಳೆಯಿರಿ. ವೆಂಟಿಲೇಟರ್‌ನ ಪಕ್ಕ ಮತ್ತು ಸಿಲ್‌ಗೆ ಎರಡು ಚದರಡಿ ಕೂಡಿಸಿ. ಬಾರ್ಡರ್ ಕಳೆಯಬೇಡಿ. ಬಂದ ನೂರ ಅರವತ್ತೆರಡೂವರೆಗೆ ನೂರಕ್ಕೆ ಹತ್ತರಂತೆ ಸೇರಿಸಿ, ಬಾಕ್ಸ್ ಮೇಲಿನ ನಿಜ ಅಳತೆ 8.72ರಿಂದ ಭಾಗಿಸಿ. ಇಪ್ಪತ್ತೂವರೆ ಬರುತ್ತದೆ, ಅಂದರೆ 21. ನಮ್ಮ ಕೋಣೆಗೆ ಎರಡು ದಾರಿಯೂ ಒಂದೇ ಕಡೆ ಬಂದು ಸೇರಿದವು. ಎಲ್ಲ ಕೋಣೆಗೂ ಹೀಗೆ ಸೇರುವುದಿಲ್ಲ. ಟೈಲ್ಸ್ ದೊಡ್ಡದಾದಷ್ಟೂ, ಕೋಣೆ ಚಿಕ್ಕದಾದಷ್ಟೂ ಕತ್ತರಿಸಿದ ಚೂರು ಹೆಚ್ಚು. ಮೂಲೆಗೆ ಉಳಿಯುವ ತುಂಡು ಅರ್ಧ ಟೈಲ್ಸ್‌ಗಿಂತ ಕೂದಲೆಳೆಯಷ್ಟು ದೊಡ್ಡದಾದರೂ ಮುಗಿಯಿತು, ಪ್ರತಿ ಗೋಡೆಗೆ, ಪ್ರತಿ ಸಾಲಿಗೆ ಒಂದೊಂದು ಪೂರ್ತಿ ಟೈಲ್ಸ್ ಹೋಗುತ್ತದೆ. ಎರಡು ಬಣ್ಣಕ್ಕೆ ಹಂಚುವಾಗಲಂತೂ ಸಾಲು ಎಣಿಸದೆ ಬೇರೆ ದಾರಿಯಿಲ್ಲ.

ಲಾರಿಯಿಂದ ಇಳಿಸುವಾಗ ಮೇಸ್ತ್ರಿ ಪ್ರತಿ ಬಾಕ್ಸ್‌ನ ಬ್ಯಾಚ್ ನಂಬರನ್ನು ಗಟ್ಟಿಯಾಗಿ ಓದಿದರು, ನಾನು ಬರೆದುಕೊಂಡೆ. ಒಂದು ಬಾಕ್ಸ್ ಬೇರೆ ನಂಬರಿನದು ಬಂದಿತ್ತು, ಅದನ್ನು ಅದೇ ಲಾರಿಯಲ್ಲಿ ವಾಪಸ್ ಕಳಿಸಿದೆವು. ಕೆಲಸ ಮುಗಿದಾಗ ಗಾಢ ಬಣ್ಣದ್ದು ಮೂರು, ತಿಳಿ ಬಣ್ಣದ್ದು ಎರಡು, ಬಾರ್ಡರ್ ಒಂದು ಪಟ್ಟಿ ಉಳಿದವು. ಅಟ್ಟದ ಮೇಲೆ ಇಟ್ಟಿದ್ದೆ. ಮೊನ್ನೆ ಮೇಲಿನ ಬಚ್ಚಲುಮನೆಯಲ್ಲಿ ಗೋಡೆಯೊಳಗಿನ ಪೈಪ್ ಒಸರಿ ಎರಡು ಗಾಢ ಟೈಲ್ಸ್ ಒಡೆದು ತೆಗೆಯಬೇಕಾಯಿತು. ಅಟ್ಟದಿಂದ ಇಳಿಸಿ ಹಾಕಿಸಿದೆವು. ಅಮ್ಮ ಬಂದು ಬಲ್ಬ್ ಹಾಕಿ ನೋಡಿದರು, ಯಾವ ಎರಡು ಹೊಸದಾಗಿ ಹಾಕಿದ್ದು ಎಂದು ನನ್ನನ್ನೇ ಕೇಳಿದರು.